ಟ್ರ್ಯಾಪಿನ ಮುಚ್ಚಳದ ಮೇಲೆ ಕೂತ ಪತಂಗ

ನನ್ನ ಮೈದುನನ ಮಗ ಬೆಳಗ್ಗೆ ಎದ್ದವನೇ ನಮ್ಮ ಹುಳದ ಮನೆ ಬಾಗಿಲಿಗೆ ಬಂದು ನಿಂತ. ಒಳಕ್ಕೆ ಕಾಲಿಡಲಿಲ್ಲ. ರೇಷ್ಮೆ ಹುಳ ಇರುವ ಮನೆಗೆ ಕಾಲು ತೊಳೆಯದೆ, ಸುಣ್ಣದ ಪುಡಿ ತುಳಿಯದೆ ಯಾರೂ ಬರುವ ಹಾಗಿಲ್ಲ. ಅಲ್ಲಿಂದಲೇ ಫೋನು ಚಾಚಿ ಹಿಡಿದ.

“ನೋಡು ದೊಡ್ಡವ್ವ, ಬಂದ್ಬುಟ್ಟದೆ. ನಾಳೆ ಬೆಳಿಗ್ಗೆ ಜೋಳಕ್ಕೆ ಔಷ್ದಿ ಹೊಡೀತೀನಿ. ಆಮೇಲೆ ಏಳ್ನಿಲ್ಲ ಅನ್ಬ್ಯಾಡ.”

ಫೋಟೋದಲ್ಲಿ ಒಂದು ಪತಂಗ. ಅವನ ಮುಸುಕಿನ ಜೋಳದ ಹೊಲದಲ್ಲಿ ಒಂದು ಟ್ರ್ಯಾಪು ನೆಟ್ಟಿದ್ದಾನೆ. ಮೇಲೆ ಹಸಿರು ಮುಚ್ಚಳ, ಕೆಳಗೆ ಉದ್ದನೆ ಪ್ಲಾಸ್ಟಿಕ್ ಚೀಲ. ಮುಚ್ಚಳದ ಅಡಿಯಲ್ಲಿ ವಾಸನೆ ಹಚ್ಚಿದ ರಬ್ಬರಿನ ಚೂರು ಇರುತ್ತದೆ. ಆ ವಾಸನೆಗೆ ಲದ್ದಿ ಹುಳದ ಪತಂಗ ಬಂದು ಚೀಲಕ್ಕೆ ಬೀಳುತ್ತದೆ. ಲದ್ದಿ ಹುಳ ಅಂದರೆ ಜೋಳದ ಸುಳಿಯೊಳಗೆ ಕೂತು, ತಿಂದು, ಅಲ್ಲೇ ಹಿಕ್ಕೆ ತುಂಬಿ, ಗಿಡವನ್ನೇ ಮುಗಿಸುವ ಹುಳ. ಚೀಲಕ್ಕೆ ಬಿದ್ದವು ಒಂದರ ಮೇಲೊಂದು ಒದ್ದಾಡಿ ರೆಕ್ಕೆಯ ಪುಡಿ ಉದುರಿ ಬೋಳಾಗಿದ್ದವಂತೆ, ಇರುವೆ ಬೇರೆ ಮುತ್ತಿದ್ದವಂತೆ. ಮುಚ್ಚಳದ ಮೇಲೆ ಒಂದು ಮಾತ್ರ ನೆಟ್ಟಗೆ ಕೂತಿತ್ತು. ಅದರದ್ದು ಒಂದು ಫೋಟೋ ತೆಗೆದ. ಎರಡನೆಯದು ತೆಗೆಯುವ ಹೊತ್ತಿಗೆ ಹಾರಿಹೋಯಿತು.

ನಾನೂ ಪತಂಗ ಕಂಡವಳೇ. ವಯಸ್ಸಿನಲ್ಲಿ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೂಲಿ ಮಾಡಿದ್ದೇನೆ. ಗೂಡು ತೂತು ಮಾಡಿಕೊಂಡು ಆಚೆ ಬಂದ ಪತಂಗಗಳಲ್ಲಿ ಗಂಡು ಹೆಣ್ಣು ಬೇರೆ ಮಾಡುವುದು ನಮ್ಮ ಕೆಲಸ. ಹೊಟ್ಟೆ ದಪ್ಪ ಇದ್ದು ಅಲುಗದೆ ಬಿದ್ದಿದ್ದರೆ ಹೆಣ್ಣು. ಸಣ್ಣ ಮೈ ಇಟ್ಟುಕೊಂಡು ರೆಕ್ಕೆ ಬಡಿಯುತ್ತಾ ಗಿರಗಿರ ತಿರುಗಿದರೆ ಗಂಡು.

“ಇದು ಗಂಡು ಕಣ್ಲಾ. ಮೈ ನೋಡು, ಸೊರಗಿ ಕಡ್ಡಿ ಆಗದೆ. ಗಂಡು ಮೊಟ್ಟೆ ಇಕ್ತದಾ? ಯಾಕ್ ಸುಮ್ಕೆ ಔಷ್ದಿ ಹಾಳ್ ಮಾಡೀಯೆ.”

ಅವನು ನಕ್ಕ. “ನಿನ್ ಕೋಠಿ ಲೆಕ್ಕ ನನ್ ಜೋಳದ ತಾವ ಬ್ಯಾಡ. ಔಷ್ದಿ ಅಂಗಡಿಯವ್ನು ನೋಡಿದೇಟ್ಗೆ ಅಂದ, ಅದೇ ಇದು ಅಂತ.”

“ಅವ್ನು ಮಾರೋನು. ಗುಬ್ಬಚ್ಚಿ ತೋರ್ಸಿದ್ರೂ ಲದ್ದಿ ಹುಳ ಅಂತಾನೆ.”

“ಬೈಕೊ. ನಂಗೂ ಹೊಟ್ಟೆ ಅದೆ. ಹೋದ್ಸಲ ತಡ ಮಾಡಿ ಅರ್ಧ ಜೋಳ ಕಳ್ಕಂಡೋನು ನಾನು.”

ಅದು ಸುಳ್ಳಲ್ಲ. ಅವನ ಜೋಳ ಅವನಿಗೆ. ಆದರೆ ಅವನ ಹೊಲ ನಮ್ಮ ಹಿಪ್ಪುನೇರಳೆ ತೋಟದ ಪಡುವಲಿಗೆ ಇದೆ, ಮಳೆಗಾಲದ ಗಾಳಿಯೂ ಪಡುವಲಿಂದಲೇ ಬೀಸುವುದು. ಅವನು ಹೊಡೆದದ್ದು ನಮ್ಮ ಸೊಪ್ಪಿನ ಮೇಲೆ ಬಂದು ಕೂರುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಹುಳಕ್ಕೆ ಗೊತ್ತಾಗುತ್ತದೆ. ಹಿಂದಿನ ಬೆಳೆ ಹಾಗೇ ಹೋಯಿತು. ಬೆಳಗ್ಗೆ ಸೊಪ್ಪು ಹಾಕಿದೆವು, ಮಧ್ಯಾಹ್ನದ ಹೊತ್ತಿಗೆ ಹುಳಗಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿದವು, ಬಾಯಿಂದ ಹಸಿರು ನೀರು ಕಾರಿದವು, ಮೈ ಕುಗ್ಗಿ ಗಿಡ್ಡ ಆದವು. ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದೆವು. ಅದಕ್ಕೂ ಹಿಂದಿನದು ಹಾಲು ರೋಗಕ್ಕೆ ಹೋಗಿತ್ತು.

ಹುಳ ಸಾಕುವವಳು ನನ್ನ ಮಗಳು. ಗಂಡನ ಮನೆ ಬಿಟ್ಟು ಬಂದವಳು. ಆ ಗಂಡಸು ಹೊಡೆಯುತ್ತಿದ್ದ. ಎಡಗೈ ಮುರಿದ ಮೇಲೆ ಬಂದಳು, ಆ ಕೈ ಈಗಲೂ ಹೆಗಲಿಗಿಂತ ಮೇಲೆ ಹೋಗುವುದಿಲ್ಲ. ಅವಳ ಅಪ್ಪ ಸಾಯುವ ಮುಂಚೆ ಅವಳ ಹೆಸರಿಗೆ ಬಿಟ್ಟ ತುಂಡು ನೆಲದಲ್ಲಿ ಅವಳೇ ಹಿಪ್ಪುನೇರಳೆ ಕಡ್ಡಿ ನೆಟ್ಟಳು. ಎರಡು ಬೆಳೆ ಹೋದ ಮೇಲೆ ಗಂಡನ ಕಡೆಯ ದೊಡ್ಡವರು ಬಂದು ಜಗಲಿ ಮೇಲೆ ಕೂತು ಕಾಫಿ ಕುಡಿದು, ಕಳಿಸಿಕೊಡಿ, ಅವನು ಈಗ ಸರಿ ಹೋಗಿದ್ದಾನೆ ಅಂದು ಹೋದರು. ನನ್ನ ಮಗ, ಅವಳ ಅಣ್ಣ, ಬೇಡ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಈ ಬೆಳೆಗೆ ಮರಿ ಹುಳ ತಂದ ದಿನ ಅವಳು ನನಗೆ ಅಂದಿದ್ದಳು:

“ಇದೂ ಹೋದ್ರೆ ಹೋಯ್ತೀನಿ ಕಣವ್ವ. ನಿಮ್ಮನೇಲಿ ದಂಡಪಿಂಡ ಆಗಿ ಕೂರಲ್ಲ.”

ಅವಳು ಸುಮ್ಮನೆ ಮಾತಾಡುವವಳಲ್ಲ. ಆ ಮನೆಗೆ ಮತ್ತೆ ಹೋದರೆ ಇನ್ನೊಂದು ಕೈ ಉಳಿಯುವುದಿಲ್ಲ, ಜೀವ ಉಳಿಯುತ್ತದೋ ಇಲ್ಲವೋ. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಮೈದುನನ ಮಗ ಫೋಟೋ ತೋರಿಸಿದಾಗ ಹುಳ ನಾಲ್ಕನೇ ಜ್ವರ ಎದ್ದು ಕಡೆಯ ಮೇವಿಗೆ ಬಿದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆಯೆತ್ತಿ ಕೂರುವುದು. ನಾಲ್ಕು ಸಲ ಹಾಗೆ ಕೂತು ಎದ್ದ ಮೇಲೆ ಅವಕ್ಕೆ ಬರುವ ಹಸಿವು ಹೇಳತೀರದು. ಹುಳದ ಮನೆಯಲ್ಲಿ ಮಳೆ ಸುರಿದ ಸದ್ದು ಬರುತ್ತದೆ, ಅದು ತಿನ್ನುವ ಸದ್ದು. ಇನ್ನೊಂದು ವಾರ ಸೊಪ್ಪು ಸಿಕ್ಕಿದರೆ ಗೂಡು ಕಟ್ಟುತ್ತವೆ. ಆ ವಾರದಲ್ಲೇ ಇವನು ಔಷಧಿ ಹೊಡೆಯುತ್ತೇನೆ ಅನ್ನುತ್ತಿದ್ದಾನೆ.

“ಆ ಫೋಟೋ ನನ್ ಮಗಳ ಫೋನಿಗೆ ಹಾಕು” ಅಂದೆ.

“ಗ್ರೂಪಲ್ಲೇ ಹಾಕಿವ್ನಿ, ಎಲ್ರೂ ನೋಡವ್ರೆ.”

ಊರಿನವರ ಗ್ರೂಪಿನಲ್ಲಿ ಬಂದ ಮಾತುಗಳನ್ನು ಮಗಳು ಸೊಪ್ಪು ಹಾಕುತ್ತಲೇ ಓದಿ ಹೇಳಿದಳು. ಒಬ್ಬ, ಹಗಲೊತ್ತು ಕೂತದೆ, ಅದು ಚಿಟ್ಟೆ, ಪತಂಗ ಅಲ್ಲ ಅಂದಿದ್ದ. ಇನ್ನೊಬ್ಬ, ಚಿಟ್ಟೆ ಆದರೆ ಬಣ್ಣ ಎಲ್ಲಿ, ನಿಮ್ಮತ್ತೆ ಸೀರೆ ತರ ಅದೆ ಅಂದಿದ್ದ. ಮತ್ತೊಬ್ಬ, ಮನೆಗೆ ಬಂದರೆ ಸತ್ತ ಹಿರೀಕರು, ಹೊಲಕ್ಕೆ ಬಂದರೆ ಲದ್ದಿ ಹುಳ ಅಂದಿದ್ದ. ಅದಕ್ಕೆ ಹತ್ತಾರು ಜನ ನಗುವ ಮುಖ ಹಾಕಿದ್ದರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

“ಅವ್ವ, ಅದು ಲದ್ದಿ ಹುಳದ್ದು ಅಲ್ದೆ ಹೋದ್ರೆ ಅವ್ನು ಹೊಡೆಯಲ್ಲ ಅಲ್ವಾ?” ಅಂದಳು.

“ಅಲ್ಲ ಅಂತ ಅನ್ನಿಸ್ಕಂಡು ಬತ್ತೀನಿ” ಅಂದೆ.

ಅವಳ ಫೋನನ್ನು ರವಿಕೆಯೊಳಗೆ ಇಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದೆ. ನಮ್ಮೂರು ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಇದೆ, ಎರಡು ಕಡೆಗೂ ಹೋಗಬಹುದು. ಬೆಳೆ ಹುಳಗಳ ವಿಷಯ ತಿಳಿದ ಮೇಡಂ ಒಬ್ಬಳು ಆ ದಿನ ನರಸೀಪುರದ ಕೃಷಿ ಆಫೀಸಿಗೆ ಬರುತ್ತಾಳೆ ಅಂತ ನಮ್ಮೂರಿನ ಬೀಜದ ಸೊಸೈಟಿಯವನು ಹೇಳಿದ್ದ. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಅದು ಅಲ್ಲ, ಅದು ಅಲ್ಲ ಅಂತ ನನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದೆ. ಪಕ್ಕದ ಹೆಂಗಸು, ಏನಮ್ಮ ಕಳೆದುಹೋಯ್ತಾ ಅಂತ ಕೇಳಿದಳು. ಇನ್ನೂ ಇಲ್ಲ ಅಂದೆ.

ಆಫೀಸಿನಲ್ಲಿ ಜನ ತುಂಬಿದ್ದರು. ಮೇಡಂ ಚಿಕ್ಕ ವಯಸ್ಸಿನವಳು, ಮಗಳಿಗಿಂತ ಚಿಕ್ಕವಳು. ಒಬ್ಬನ ಭತ್ತದ ಗರಿ ನೋಡುತ್ತಿದ್ದಳು. ನಾನು ನುಗ್ಗಿ ಫೋನನ್ನು ಅವಳ ಕೈಗೆ ಇಟ್ಟೆ.

“ಇದು ಲದ್ದಿ ಹುಳ ಅಲ್ಲ ಅಂತ ಹೇಳವ್ವ.”

“ಅಜ್ಜಿ, ಮೊದಲು ನೋಡಕ್ಕೆ ಬಿಡಿ.”

ಕನ್ನಡಕ ಹಣೆ ಮೇಲೆ ಸರಿಸಿ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಎಲ್ಲಿ ಕೂತಿತ್ತು, ಎಷ್ಟು ಹೊತ್ತಿನಲ್ಲಿ ತೆಗೆದದ್ದು, ಎಷ್ಟು ದೊಡ್ಡದು ಅಂತ ಕೇಳಿದಳು. ಹೇಳಿದೆ. ಚಿಟ್ಟೆ ಅನ್ನುತ್ತಾರಲ್ಲ, ಹಾಗೇನಾದರೂ ಇರಬಹುದಾ ಅಂತ ಕೇಳಿದೆ. ಆ ಆಸೆಯನ್ನು ಅವಳು ಅಲ್ಲೇ ಚಿವುಟಿದಳು.

“ಚಿಟ್ಟೆ ಅಲ್ಲ. ಕೂತಿರೋ ರೀತಿ ನೋಡಿ. ಚಿಟ್ಟೆ ಸುಮ್ಮನೆ ಕೂತಾಗ ಸಾಮಾನ್ಯವಾಗಿ ಎರಡು ರೆಕ್ಕೆ ಬೆನ್ನ ಮೇಲೆ ನೆಟ್ಟಗೆ ಜೋಡಿಸುತ್ತೆ, ಕೈ ಮುಗಿದ ಹಾಗೆ. ಮೀಸೆ ಮುಂದಕ್ಕೆ ಚಾಚಿರುತ್ತೆ, ಅದರ ತುದಿ ಬೆಂಕಿಕಡ್ಡಿ ತಲೆ ತರ ಗುಂಡಗಿರುತ್ತೆ. ಇದು ರೆಕ್ಕೆನ ಎರಡು ಕಡೆಗೆ ಇಳಿ ಬಿಟ್ಟಿದೆ, ಹೆಂಚಿನ ಮನೆ ಮಾಡು ಇಳಿದ ಹಾಗೆ. ಮೀಸೆನ ರೆಕ್ಕೆ ಕೆಳಗೆ ಸೇರಿಸಿಕೊಂಡಿದೆ. ಚಿಟ್ಟೆಗಿಂತ ಮೈ ದಪ್ಪ, ಕತ್ತಿನ ಹತ್ತಿರ ರೋಮ. ಪತಂಗನೇ. ಲದ್ದಿ ಹುಳದ ಕುಲದ್ದೇ, ಆ ಕುಲದಲ್ಲಿ ಬೇರೆಯವೂ ಇವೆ.”

“ನಮ್ಮ ರೇಷ್ಮೆ ಪತಂಗ ಹಿಂಗೆ ಕೂರಲ್ಲ. ರೆಕ್ಕೆ ಅಗಲಕ್ಕೆ ಬಿಟ್ಟು ಕೂರ್ತದೆ.”

“ಅದು ಬೇರೆ ಕುಲ ಅಜ್ಜಿ. ಅದರ ಮೀಸೆ ಬಾಚಣಿಗೆ ತರ ಇರುತ್ತಲ್ವಾ?”

ಹೌದು. ನಾನು ಸಾವಿರಾರು ಕಂಡಿದ್ದೆ, ಮಾತಿನಲ್ಲಿ ಹೇಳಿರಲಿಲ್ಲ.

“ಹೋಗ್ಲಿ ಬಿಡು” ಅಂದೆ. “ಜಾತಿ ಯಾವುದಾದ್ರೂ ಇರ್ಲಿ, ಇದು ಗಂಡು. ಗಂಡು ಮೊಟ್ಟೆ ಇಡಲ್ಲ. ಅದನ್ನಾದ್ರೂ ಹೇಳು ನಮ್ ಹುಡುಗನಿಗೆ.”

ಅಲ್ಲಿದ್ದ ಗಂಡಸರು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ.

“ಗಂಡೇ ಇರಬೇಕು. ಟ್ರ್ಯಾಪಿಗೆ ಬರೋದು ಗಂಡು ಮಾತ್ರ. ಆ ರಬ್ಬರಿಗೆ ಹಚ್ಚಿರೋದು ಹೆಣ್ಣಿನ ವಾಸನೆ. ಗಂಡು ಬಂದಿದೆ ಅಂದ್ರೆ ಹೆಣ್ಣೂ ಹೊಲದಲ್ಲಿ ಇರುತ್ತೆ, ಅದು ಟ್ರ್ಯಾಪಿಗೆ ಬರಲ್ಲ.”

ನನ್ನ ಕೈಯಲ್ಲಿದ್ದದ್ದು ಅದೊಂದೇ. ಅದೂ ಹೋಯಿತು. ಬೆಂಚಿನ ಮೇಲೆ ಕೂತೆ.

ಆಮೇಲೆ ಅವಳೇ ಕರೆದಳು. ಫೋಟೋವನ್ನು ನನ್ನ ಮುಖದ ಹತ್ತಿರ ಹಿಡಿದಳು.

“ಅಜ್ಜಿ, ನೋಡಿ. ಈ ಟ್ರ್ಯಾಪಿಗೆ ಇನ್ನೊಂದು ಪತಂಗನೂ ಬಂದು ಬೀಳುತ್ತೆ. ಹುಲ್ಲಲ್ಲಿರೋದು. ಅದೂ ಜೋಳ ತಿನ್ನುತ್ತೆ, ಆದರೆ ಇಷ್ಟು ಅನಾಹುತ ಮಾಡಲ್ಲ. ಅದರ ರೆಕ್ಕೆ ಒಣಗಿದ ಹುಲ್ಲಿನ ಬಣ್ಣ, ನಡುವೆ ಒಂದು ಕಪ್ಪು ಗೀಟು, ಗೀಟಿನ ಹತ್ತಿರ ಸಾಸಿವೆಯಷ್ಟು ಬಿಳಿ ಚುಕ್ಕೆ. ಲದ್ದಿ ಹುಳದ ಗಂಡಿಗೆ ರೆಕ್ಕೆ ತುದಿಯಲ್ಲಿ ಬಿಳಿ ತೇಪೆ ಇರುತ್ತೆ, ನಡುವೆ ಓರೆಯಾಗಿ ಭತ್ತದ ಕಾಳಿನ ಆಕಾರದ ಒಂದು ಮಾಸಲು ಮಚ್ಚೆ. ಈ ಫೋಟೋದಲ್ಲಿ ಬಣ್ಣ ಹುಲ್ಲಿನದ್ದೇ ಕಾಣ್ತಿದೆ. ಬಿಳಿ ಏನೋ ಇದೆ. ಅದು ನಡುವೆನೋ ತುದಿನೋ ಗೊತ್ತಾಗ್ತಿಲ್ಲ. ಮಸುಕಾಗಿದೆ. ಅಲ್ಲಿಂದ ಇಲ್ಲಿಗೆ ಕಳಿಸಿ ಕಳಿಸಿ ಫೋಟೋ ಸತ್ತಿದೆ.”

“ಹಂಗಾದ್ರೆ ಅಲ್ಲ.”

“ಅಲ್ಲದೇ ಇರಬಹುದು. ಆಗಿರಲೂಬಹುದು. ತೆಗೆದ ಫೋನಲ್ಲಿರೋ ಫೋಟೋನೇ ಬೇಕು. ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಆಗ ಕೆಡಲ್ಲ. ನೋಡದೇ ಹೇಳಿದ್ರೆ ನಿಮಗೂ ಮೋಸ, ಅವರಿಗೂ ಮೋಸ.” ತನ್ನ ನಂಬರನ್ನು ಮಗಳ ಫೋನಿಗೆ ತಾನೇ ಸೇರಿಸಿದಳು.

ಬಸ್ಸಿನಲ್ಲಿ ವಾಪಸ್ಸು ಬರುತ್ತಾ ಆ ಫೋಟೋವನ್ನು ನಾನೇ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಬಿಳಿ ನಡುವೆ ಇದೆ ಅನ್ನಿಸಿತು. ಕಣ್ಣು ಮುಚ್ಚಿ ತೆಗೆದರೆ ತುದಿಯಲ್ಲಿ ಇದೆ ಅನ್ನಿಸಿತು. ಮತ್ತೆ ನಡುವೆ ಅಂದುಕೊಂಡೆ. ಬೇಕಾದದ್ದು ಕಾಣುವ ಹಾಗೆ ಎಷ್ಟು ಹೊತ್ತು ಬೇಕಾದರೂ ನೋಡಬಹುದು.

ಊರಲ್ಲಿ ಇಳಿದು ಮನೆಗೂ ಹೋಗದೆ ಹೊಲದ ಕಡೆ ನಡೆದೆ. ಮೈದುನನ ಮಗ ನಾಳೆ ಅಂದಿದ್ದವನು ಬದುವಿನ ಮೇಲೆ ಆಗಲೇ ಕ್ಯಾನಿಗೆ ನೀರು ತುಂಬಿಸುತ್ತಿದ್ದ. ಔಷಧಿ ಹೊಡೆಯುವ ಕೂಲಿಯವನು ಬೀಡಿ ಸೇದುತ್ತಾ ಕೂತಿದ್ದ. ನಾಳೆ ಮಳೆ ಬಂದರೆ ಔಷಧಿ ತೊಳೆದುಹೋಗುತ್ತದೆ ಅಂತ ಈವತ್ತೇ ಕರೆಸಿಕೊಂಡಿದ್ದನಂತೆ. ಮಗಳು ತೋಟದ ಅಂಚಿನಲ್ಲಿ ಸೊಪ್ಪಿನ ಕುಡುಗೋಲು ಹಿಡಿದು ನಿಂತಿದ್ದಳು. ಅವನಿಗೆ ಅಡ್ಡ ಹೋಗಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಅದು ನನಗೆ ಹೆದರಿಕೆ ಹುಟ್ಟಿಸಿತು.

“ಮೇಡಂ ಅಲ್ಲ ಅಂದ್ರು ಕಣ್ಲಾ” ಅಂದೆ. “ಅದು ಹುಲ್ಲಿನ ಪತಂಗವಂತೆ. ನಿನ್ ಟ್ರ್ಯಾಪಿಗೆ ಅದೂ ಬೀಳ್ತದಂತೆ.”

“ಬರ್ದ್ ಕೊಟ್ರಾ?”

“ಫೋಟೋ ಕಳ್ಸು ಅಂದವ್ರೆ, ನಿನ್ ಫೋನಿಂದ. ಕಳ್ಸು, ಅವ್ರ ಬಾಯಲ್ಲೇ ಕೇಳು.”

“ಅಲ್ಲ ಅಂದ್ಮೇಲೆ ಫೋಟೋ ಯಾಕೆ?” ಅವನು ದಡ್ಡನಲ್ಲ.

“ನಿನ್ ಮೊಕ ನೋಡಕ್ಕೆ. ಕಳ್ಸು ಅಂದ್ರೆ ಕಳ್ಸು. ನಿಮ್ಮಕ್ಕ ನಿಂತವ್ಳೆ ನೋಡು ಅಲ್ಲಿ.”

ಅವನು ಅವಳ ಕಡೆ ನೋಡಿದ. ಚಿಕ್ಕಂದಿನಲ್ಲಿ ಅವಳು ಅವನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು. ಕೈ ಒರೆಸಿಕೊಂಡು ಫೋನು ತೆಗೆದ, ನಾನು ಮೇಡಂ ನಂಬರು ತೋರಿಸಿದೆ. ಡಾಕ್ಯುಮೆಂಟ್ ಎಲ್ಲಿದೆ ಅಂತ ಅವನಿಗೂ ಗೊತ್ತಿರಲಿಲ್ಲ, ಕೂಲಿಯವನು ಬೀಡಿ ಬಾಯಲ್ಲಿ ಇಟ್ಟುಕೊಂಡೇ ತೋರಿಸಿಕೊಟ್ಟ. ಹೋಯಿತು. ಮೂರು ಜನ ಬದುವಿನ ಮೇಲೆ ಒಂದು ಫೋನನ್ನು ನೋಡುತ್ತಾ ಕೂತೆವು. ಗಾಳಿ ಪಡುವಲಿಂದಲೇ ಬರುತ್ತಿತ್ತು. ಜೋಳದ ಗರಿ ನಮ್ಮ ತೋಟದ ಕಡೆಗೆ ಬಾಗಿ ಬಾಗಿ ಏಳುತ್ತಿತ್ತು.

ಉತ್ತರ ಮಾತಿನಲ್ಲಿ ಬಂತು. ಅವನು ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ.

“ಈಗ ಚೆನ್ನಾಗಿ ಕಾಣ್ತಿದೆ. ಬೆಳಗಿನ ಬಿಸಿಲು ಬಿದ್ದು ಹಳದಿ ಕಂಡಿದೆ ಅಷ್ಟೆ, ರೆಕ್ಕೆ ಬೂದು ಕಂದು. ಬಿಳಿ ತೇಪೆ ರೆಕ್ಕೆ ತುದಿಯಲ್ಲಿದೆ, ನಡುವಿನ ಮಚ್ಚೆ ಓರೆಯಾಗಿದೆ. ಇದು ಲದ್ದಿ ಹುಳದ ಪತಂಗನೇ. ಅಜ್ಜಿಗೆ ಹೇಳಿ.”

ಅವನು ಫೋನು ಜೇಬಿಗೆ ಹಾಕಿದ. ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಿರುಗಿ ಬೈದು ಹೊತ್ತು ಕಳೆಯಬಹುದಿತ್ತು.

“ಕ್ಯಾನ್ ಎತ್ಲಾ” ಅಂದ ಕೂಲಿಯವನಿಗೆ.

ನಾನು ಹೋಗಿ ಕ್ಯಾನಿನ ಮೇಲೆ ಕೂತೆ. ನೀರು ತುಂಬಿದ ಕ್ಯಾನು, ಮುಚ್ಚಳ ತೊಡೆಗೆ ಒತ್ತುತ್ತಿತ್ತು. ಈಗ ಹೇಳಿದರೆ ಬೇರೆಯವರಿಗೆ ನಗು ಬರಬಹುದು. ಅಲ್ಲಿದ್ದವರು ಯಾರೂ ನಗಲಿಲ್ಲ.

“ಏಳು ದೊಡ್ಡವ್ವ.”

“ಏಳಲ್ಲ.”

“ನಿನ್ನ ಮಗಳ ಹುಳಕ್ಕೆ ನನ್ನ ಬೆಳೆ ಬಲಿ ಕೊಡ್ಲಾ? ನನ್ನ ಹೆಂಡ್ತಿ ಮಕ್ಕಳಿಗೆ ಏನ್ ಹಾಕ್ಲಿ, ನಿನ್ನ ಸೊಪ್ಪಾ?”

ಅದಕ್ಕೆ ಉತ್ತರ ಇದ್ದಿದ್ದರೆ ಕ್ಯಾನಿನ ಮೇಲೆ ಕೂರುತ್ತಿರಲಿಲ್ಲ.

ಆಗ ಮಗಳು ಕುಡುಗೋಲು ಕೆಳಗಿಟ್ಟು ಬಂದಳು. ನನ್ನ ರವಿಕೆಯಿಂದ ತನ್ನ ಫೋನು ಎಳೆದುಕೊಂಡು ಮೇಡಂಗೆ ತಾನೇ ಮಾಡಿದಳು. ಒಂದೇ ಮಾತು ಕೇಳಿದಳು. ಪತಂಗ ಬಂದ ದಿನದಿಂದ ಹುಳ ಜೋಳ ತಿನ್ನೋಕೆ ಎಷ್ಟು ದಿನ ಬೇಕು.

ಮೇಡಂ ಹೇಳಿದ್ದು ನನಗೂ ಕೇಳಿಸುತ್ತಿತ್ತು. ಪತಂಗ ಜೋಳ ತಿನ್ನುವುದಿಲ್ಲ, ತಿನ್ನುವುದು ಅದರ ಮರಿ. ಹೆಣ್ಣು ಎಲೆ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ, ಮೇಲೆ ತನ್ನ ಮೈ ರೋಮ ಹೊದಿಸುತ್ತದೆ, ಬೂಷ್ಟು ಹಿಡಿದ ಹಾಗೆ ಕಾಣುತ್ತದೆ. ಎರಡು ಮೂರು ದಿನದಲ್ಲಿ ಒಡೆಯುತ್ತದೆ. ಅಷ್ಟರೊಳಗೆ ಕೈಯಲ್ಲಿ ಹಿಸುಕಿದರೆ ಆ ಗುಂಪು ಪೂರ್ತಿ ಹೋಯಿತು. ಪತಂಗ ಕಂಡಿತು ಅಂತ ಹೊಡೆಯಬೇಕಾಗಿಲ್ಲ. ಸಾಲು ಸಾಲು ನೋಡಿ, ತಿಂದ ಗುರುತಿರುವ ಗಿಡ ಜಾಸ್ತಿಯಾದರೆ ಹೊಡೆಯಬೇಕು. ಈಗ ಹೊಡೆದರೆ ಔಷಧಿ ದಂಡ, ಮರಿ ಹೊರಗೆ ಬರುವ ಹೊತ್ತಿಗೆ ಅದರ ಬಲ ಇಳಿದಿರುತ್ತದೆ. “ಆದರೆ ಬಿಟ್ಟು ಕೂತ್ಕೊಂಡ್ರೆ ಅವರ ಜೋಳ ಹೋಗುತ್ತೆ. ಇದು ಅದೇ ಪತಂಗ, ಅದರಲ್ಲಿ ಅನುಮಾನ ಇಲ್ಲ” ಅಂದಳು.

ಮಗಳು ಫೋನು ಕೆಳಗಿಟ್ಟು ಅವನ ಕಡೆ ತಿರುಗಿದಳು.

“ನಿನ್ ಹೊಲ ನಾನ್ ನೋಡ್ತೀನಿ ಕಣೋ. ದಿನಾ ಬೆಳಿಗ್ಗೆ ಸಾಲು ಸಾಲು ನಡ್ದು ಮೊಟ್ಟೆ ಹಿಸುಕ್ತೀನಿ. ನಮ್ ಹುಳ ಗೂಡಿಗೆ ಹತ್ತೋವರ್ಗೂ ಬುಡು.”

“ಅಷ್ಟೂ ಹೊಲ? ಆ ಕೈಲಿ?”

“ಕೈಯಿಂದ ನಿಂಗೇನು. ಪತಂಗ ಹೆಗಲಿಗಿಂತ ಮೇಲ್ಕೆ ಮೊಟ್ಟೆ ಇಕ್ತದಾ?”

ಅವನು ತಲೆ ಕೆರೆದುಕೊಂಡ. ಅವನ ಹೆಂಡತಿ ಬೈಯುತ್ತಾಳೆ ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಕಡೆಗೆ ಅಂದ: “ಸುಳೀಲಿ ಲದ್ದಿ ಕಂಡ ದಿನ ಹೊಡ್ದೇ ಹೊಡೀತೀನಿ. ಅವತ್ತು ನೀನು ಅಂಗೆ ಇಂಗೆ ಅಂದ್ರೆ ಕೇಳಲ್ಲ. ದೊಡ್ಡವ್ವನ್ನೂ ಕ್ಯಾನ್ ಮೇಲ್ಕೆ ಕೂರುಸ್ಬ್ಯಾಡ.”

ಅವತ್ತಿನಿಂದ ನಾವು ಇಬ್ಬರೂ ಹೆಂಗಸರು ಎರಡು ಹೊಟ್ಟೆಗೆ ಜೀತ ಮಾಡಿದೆವು. ಬೆಳಕು ಹರಿಯುತ್ತಲೇ ಜೋಳದ ಸಾಲು. ನಾನು ಒಂದು ಸಾಲು, ಅವಳು ಒಂದು ಸಾಲು. ಮೊಣಕಾಲೆತ್ತರದ ಜೋಳ, ಬೆನ್ನು ಬಗ್ಗಿಸಿಯೇ ನಡೆಯಬೇಕು. ಎಲೆ ಮಗುಚಬೇಕು, ನೋಡಬೇಕು, ಮುಂದಕ್ಕೆ ಹೋಗಬೇಕು. ಜೋಳದ ಗರಿ ಕೈ ಗೀರುತ್ತದೆ. ಮೊದಲು ಕಂಡ ಮೊಟ್ಟೆ ಗುಂಪು ನಿಜವಾಗಿಯೂ ಹಳೇ ರೊಟ್ಟಿಗೆ ಬೂಷ್ಟು ಬಂದ ಹಾಗಿತ್ತು. ಬೆರಳಲ್ಲಿ ಒತ್ತಿದಾಗ ಒದ್ದೆ ಹತ್ತಿತು. ಬಿತ್ತನೆ ಕೋಠಿಯಲ್ಲಿ ಇಂಥದ್ದೇ ಮೊಟ್ಟೆಯನ್ನು ಒಂದೂ ಕೆಡದ ಹಾಗೆ ಕಾಪಾಡುವುದಕ್ಕೆ ನನಗೆ ಕೂಲಿ ಕೊಡುತ್ತಿದ್ದರು.

ಬಿಸಿಲೇರಿದ ಮೇಲೆ ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯುವುದು, ಹೊರುವುದು, ಹುಳಕ್ಕೆ ಹಾಕುವುದು, ಹಿಕ್ಕೆ ತೆಗೆಯುವುದು. ಜೋಳದ ಹೊಲದಿಂದ ಬಂದವರು ಬಟ್ಟೆ ಬದಲಾಯಿಸಿ ಮೈ ತೊಳೆದೇ ಒಳಗೆ ಹೋಗಬೇಕು. ಮಗಳು ನಿಂತಲ್ಲೇ ತೂಕಡಿಸುತ್ತಿದ್ದಳು. ಊಟ ಇಟ್ಟರೆ ತಟ್ಟೆ ನೋಡುತ್ತಾ ಕೂರುತ್ತಿದ್ದಳು. ನನಗೆ ಬೈಯುವುದೊಂದು ಬಿಟ್ಟು ಬೇರೆ ಏನೂ ಮಾಡಲು ತೋಚುತ್ತಿರಲಿಲ್ಲ.

“ತಿನ್ನೇ. ಹುಳ ತಿನ್ನೋದ್ರಲ್ಲಿ ಅರ್ಧನಾದ್ರೂ ತಿನ್ನು.”

“ಹುಳಕ್ಕೆ ಗೂಡಾದ್ರೂ ಅದೆ ಕಣವ್ವ” ಅಂದಳು.

ನಾನು ಅವಳ ತಟ್ಟೆಗೆ ಸಾರು ಬಿಟ್ಟೆ.

ಇಷ್ಟು ಮಾಡಿಯೂ ತಪ್ಪಿಸಿಕೊಂಡವು ಇದ್ದವು. ಹೊಲದ ಪಡುವಣ ಮೂಲೆಯಲ್ಲಿ ನೀರು ನಿಂತು ಕೆಸರಾಗಿತ್ತು, ಅಲ್ಲಿ ಕಾಲಿಡಲು ಆಗಿರಲಿಲ್ಲ. ಒಂದು ಬೆಳಗ್ಗೆ ಆ ಮೂಲೆಯ ಗಿಡಗಳ ಎಲೆಯ ಮೇಲೆ ಬಿಳಿ ಬಿಳಿ ಕಿಟಕಿ ಕೊರೆದ ಹಾಗೆ ಕಾಣಿಸಿತು, ಹಸಿರು ಕೆರೆದು ತೆಳ್ಳಗೆ ಪೊರೆ ಬಿಟ್ಟಿದ್ದವು. ಸುಳಿ ಬಿಡಿಸಿದರೆ ಮರದ ಪುಡಿಯ ಹಾಗೆ ಲದ್ದಿ. ಮಗಳು ನೋಡಿದಳು. ಮುಚ್ಚಿಡಬಹುದಿತ್ತು. ಮುಚ್ಚಿಡೋಣ ಅಂತ ನಾನು ಹೇಳಿಯೂ ಹೇಳಿದೆ.

“ಬ್ಯಾಡ. ನಾಳೆ ಅವ್ನೇ ನೋಡ್ತಾನೆ” ಅಂದು ಅವಳೇ ಹೋಗಿ ಅವನಿಗೆ ಹೇಳಿದಳು.

ಅವನು ಬಂದು ನೋಡಿದ, ಆ ಮೂಲೆಯಿಂದ ಈಚೆಗೆ ಇನ್ನೂ ಕೆಲವು ಗಿಡ ಬಿಡಿಸಿದ. ಈ ಸಲ ಅವನ ದನಿಯಲ್ಲಿ ಗಡಸು ಇರಲಿಲ್ಲ.

“ನಾಳೆ ಬೆಳಿಗ್ಗೆ ಹೊಡೀಲೇಬೇಕು ಅಕ್ಕ. ಗಾಳಿ ಕಮ್ಮಿ ಇರೋ ಹೊತ್ತಲ್ಲಿ ಹೊಡೀತೀನಿ. ನಿನ್ನ ಕಡೆ ಸಾಲು ಕೊನೇಗೆ.”

ಹುಳದ ಮನೆಯಲ್ಲಿ ಹಣ್ಣಾದ ಹುಳ ಅಲ್ಲೊಂದು ಇಲ್ಲೊಂದು ಕಾಣಲು ಶುರುವಾಗಿದ್ದವು. ಹಣ್ಣಾದದ್ದು ಅಂದರೆ ಮೈ ಹಳದಿಗೆ ತಿರುಗಿ, ಮೇವು ಬಿಟ್ಟು, ನೂಲಿಗೆ ಜಾಗ ಹುಡುಕುವುದು. ಉಳಿದವು ಇನ್ನೂ ತಿನ್ನುತ್ತಿದ್ದವು. ಅವಕ್ಕೆ ಇನ್ನೂ ಒಂದೆರಡು ದಿನದ ಮೇವು ಬೇಕು. ಔಷಧಿ ಬಿದ್ದ ಮೇಲೆ ತೋಟದ ಒಂದು ಎಲೆಯೂ ಮುಟ್ಟುವ ಹಾಗಿಲ್ಲ.

ಅವತ್ತು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ತೋಟ ಬೋಳು ಮಾಡಿದೆವು. ಕಡ್ಡಿ ಸಮೇತ ಕೊಯ್ದು ಹೊತ್ತು ತಂದು ಹಿಂದಿನ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ ಒದ್ದೆ ಗೋಣಿ ಹೊದಿಸಿದೆವು. ನನ್ನ ಮಗ ಕೆಲಸದಿಂದ ಬಂದವನು ಬಾಗಿಲಲ್ಲಿ ನಿಂತು ನೋಡಿದ. ತಂಗಿಯ ತಲೆಯ ಮೇಲಿನ ಹೊರೆ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಬಾಯಲ್ಲಿ ಹೇಳುವುದಕ್ಕೆ ಅವನಿಗೆ ಮೊದಲಿನಿಂದಲೂ ಬರುವುದಿಲ್ಲ.

ಮರುದಿನ ಮೈದುನನ ಮಗ ಔಷಧಿ ಹೊಡೆದ. ನಾವು ಹುಳದ ಮನೆಯ ಕಿಟಕಿಗಳಿಗೆ ಗೋಣಿ ಕಟ್ಟಿ ಒಳಗೆ ಕೂತೆವು. ಮೋಟರಿನ ಸದ್ದು ದೂರದಿಂದ ಹತ್ತಿರಕ್ಕೆ, ಹತ್ತಿರದಿಂದ ದೂರಕ್ಕೆ ಹೋಗಿ ಬರುತ್ತಿತ್ತು. ಕೂಡಿಟ್ಟ ಸೊಪ್ಪಿನ ಅಡಿಯದು ಬಿಸಿಯಾಗಿ ಕಂದಿತ್ತು, ಅದನ್ನು ಆರಿಸಿ ಎಸೆದೆವು. ಉಳಿದದ್ದನ್ನು ಹುಳಕ್ಕೆ ಹಾಕಿದೆವು. ಮಗಳು ಹುಳ ಹರಡಿದ ಬೆಂಚಿನ ಮುಂದೆ ಕೂತು ಅವುಗಳ ತಲೆಗಳನ್ನೇ ನೋಡುತ್ತಿದ್ದಳು. ಹಿಂದಿನ ಸಲ ಹೇಗೆ ತಲೆ ಆಡಿಸಿದವು ಅಂತ ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಒಂದು ಹುಳ ತಲೆ ಎತ್ತಿದರೆ ಇಬ್ಬರೂ ಅದರ ಹತ್ತಿರಕ್ಕೆ ಬಗ್ಗುತ್ತಿದ್ದೆವು. ಅದು ನೂಲಿಗೆ ತಲೆ ಎತ್ತಿದ್ದೋ, ಸಾಯಲು ಎತ್ತಿದ್ದೋ, ಸ್ವಲ್ಪ ಹೊತ್ತು ಕಾಯದೆ ಗೊತ್ತಾಗುವುದಿಲ್ಲ.

ಬಾಗಿಲ ಕಡೆ ಇದ್ದ ಒಂದು ಬೆಂಚಿನ ಹುಳ ಹಸಿರು ಕಾರಿದವು. ಗಾಳಿ ಎಲ್ಲಿಂದ ನುಗ್ಗಿತೋ, ಯಾವ ಕಡ್ಡಿಗೆ ಏನು ತಾಗಿತ್ತೋ. ಅವನ್ನೆಲ್ಲ ತೆಗೆದು ಮಂಕರಿಗೆ ಹಾಕಿದೆವು. ಮಿಕ್ಕವು ಸೊಪ್ಪು ಸಾಲದೆ ಅರೆಹೊಟ್ಟೆಯಲ್ಲೇ ಹಣ್ಣಾದವು. ಅಂಥವು ಕಟ್ಟುವ ಗೂಡು ತೆಳ್ಳಗೆ, ಬೆರಳಲ್ಲಿ ಒತ್ತಿದರೆ ತಗ್ಗಾಗುತ್ತದೆ. ಆದರೂ ಗೂಡು.

ಮಗಳು ಹಣ್ಣಾದ ಹುಳಗಳನ್ನು ಒಂದೊಂದೇ ಆರಿಸಿ ಗೂಡು ಕಟ್ಟಲು ನಿಲ್ಲಿಸಿದ ಚಂದ್ರಿಕೆಯ ಬಿದಿರು ಸುತ್ತುಗಳ ಮೇಲೆ ಬಿಡುತ್ತಿದ್ದಳು. ಮೇಲಿನ ಸುತ್ತಿಗೆ ಎಡಗೈ ಎಟುಕದೆ ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದಳು. ನಾನು ಕೊಡು ಅಂದರೆ ಕೊಡಲಿಲ್ಲ.

ಗಂಡನ ಕಡೆಯವರು ಮತ್ತೆ ಬರುತ್ತಾರೆ ಅಂತ ಯಾರೋ ಹೇಳಿದ್ದರು. ಅದನ್ನು ಅವಳಿಗೆ ಹೇಳಲೋ ಬೇಡವೋ ಅಂತ ನೋಡುತ್ತಾ ಇದ್ದೆ. ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು:

“ತೋಟನ ಬುಡದ ಮಟ್ಟಕ್ಕೆ ಕತ್ತರಿಸ್ಬುಟ್ರೆ ಔಷ್ದಿ ಬಿದ್ದ ಮೋಟು ಕಡ್ಡಿ ಎಲ್ಲ ಹೋಯ್ತದಲ್ವಾ ಅವ್ವ? ಮುಂದಿನ್ ಬೆಳೆಗೆ ಹೊಸಾ ಚಿಗುರು ಎಷ್ಟ್ ದಿನಕ್ಕೆ ಬತ್ತದೆ?”

“ನೀರು ಬುಟ್ರೆ ಬತ್ತದೆ” ಅಂದೆ. ಅವಳು ಇನ್ನೊಂದು ಹುಳ ಎತ್ತಿಕೊಂಡಳು. ನಾನು ಕತ್ತರಿಸುವ ಕುಡುಗೋಲು ಮಸೆಯಲು ಕಲ್ಲು ಹುಡುಕಿಕೊಂಡು ಹಿತ್ತಲಿಗೆ ಹೋದೆ.